ಲಾಸ್ ತೋರಿಸಲಿಲ್ಲ, ಮರುವರ್ಷ 95 ಸಾವಿರ ಕಟ್ಟಿದೆ

2023ರ ಜುಲೈನಲ್ಲಿ ನಾನು ಐಟಿಆರ್-1 ತುಂಬಿ ಹತ್ತೇ ನಿಮಿಷದಲ್ಲಿ ಎದ್ದೆ. ಫಾರ್ಮ್ 16ರಲ್ಲಿದ್ದ ಸಂಬಳ, ಬ್ಯಾಂಕಿನ ಎಫ್‌ಡಿ ಬಡ್ಡಿ 38,000, ಅಷ್ಟೇ. ಲೆಕ್ಕ ಕೊಡಬೇಕಿದ್ದ 2022-23ರಲ್ಲಿ ನಿಫ್ಟಿ ಫ್ಯೂಚರ್ಸ್‌ನಲ್ಲಿ ಮೂರು ಲಕ್ಷಕ್ಕೂ ಜಾಸ್ತಿ ಕಳೆದುಕೊಂಡಿದ್ದೆ. ಅದನ್ನು ಎಲ್ಲೂ ಬರೆಯಲಿಲ್ಲ. ಆದಾಯ ಬಂದಿದ್ದರೆ ತಾನೇ ತೋರಿಸೋದು, ಹೋದದ್ದನ್ನು ಸರ್ಕಾರಕ್ಕೆ ಹೇಳಿ ಏನಾಗಬೇಕು ಅಂತ ನನ್ನ ಲೆಕ್ಕ.

ನಿಜ ಹೇಳಬೇಕೆಂದರೆ ಹೆದರಿಕೆಯೂ ಇತ್ತು. ಆಫೀಸಿನಲ್ಲಿ ನನಗಿಂತ ಮೊದಲಿನಿಂದ ಟ್ರೇಡಿಂಗ್ ಮಾಡುವ ಗೆಳೆಯನೊಬ್ಬ, ‘ಲೇ, ನಿನ್ನ ಟರ್ನೋವರ್ ಹತ್ತು ಕೋಟಿ ದಾಟಿದೆ. ತೋರಿಸಿದರೆ ಆಡಿಟ್ ಮಾಡಿಸಬೇಕು. ಸುಮ್ನೆ ಇದ್ದುಬಿಡು’ ಎಂದಿದ್ದ. ಅವನ ಲೆಕ್ಕ ಹೀಗಿತ್ತು. ಆಗ ನಿಫ್ಟಿಯ ಒಂದು ಲಾಟ್ ಎಂದರೆ 50. ಸೂಚ್ಯಂಕ 17,400ರ ಆಸುಪಾಸು ಇದ್ದರೆ ಒಂದು ಲಾಟ್‌ನ ಬೆಲೆ ಸುಮಾರು 8.7 ಲಕ್ಷ. ವರ್ಷವಿಡೀ 62 ಸಲ ಕೊಂಡು ಮಾರಿದ್ದೆ. ಎರಡೂ ಕಡೆ ಸೇರಿಸಿದರೆ ಹತ್ತೂಮುಕ್ಕಾಲು ಕೋಟಿ! ಮಾರ್ಜಿನ್‌ಗೆ ಹಾಕಿದ್ದು ಲಕ್ಷದ ಲೆಕ್ಕದಲ್ಲಿ, ಟರ್ನೋವರ್ ಕೋಟಿಯಲ್ಲಿ. ಕೇಳಿದರೆ ಯಾರಿಗಾದರೂ ಹೊಟ್ಟೆ ತೊಳಸುತ್ತದೆ ಅಲ್ವಾ.

ಮುಂದಿನ ವರ್ಷ, ಅಂದರೆ 2023-24ರಲ್ಲಿ, ಖರ್ಚು ಕಳೆದು 2,80,000 ಲಾಭವಾಯಿತು. ಈ ಸಲ ಲಾಭ ಆಗಿದೆಯಲ್ಲ ಅಂತ 2024ರ ಜುಲೈನಲ್ಲಿ ಆಡಿಟರ್ ಹತ್ತಿರ ಹೋದೆ. ಅವರು ಮೊದಲು ಕೇಳಿದ್ದೇ, ‘ಹೋದ ವರ್ಷದ ಲಾಸ್ ಎಷ್ಟು ಇದೆ? ಅದನ್ನ ಇದರಲ್ಲಿ ಕಳೆಯೋಣ.’ ನಾನು ಐಟಿಆರ್-1ರ ಪ್ರತಿ ಮುಂದಿಟ್ಟೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಅವತ್ತು ಅವರು ಬಿಡಿಸಿ ಹೇಳಿದ್ದನ್ನು ಬರೆಯುತ್ತೇನೆ. ಷೇರುಪೇಟೆಯ ಫ್ಯೂಚರ್ಸ್, ಆಪ್ಷನ್ಸ್ ವಹಿವಾಟು ಕಾನೂನಿನ ಕಣ್ಣಿಗೆ ವ್ಯಾಪಾರ. ಕ್ಯಾಪಿಟಲ್ ಗೇನ್ ಅಲ್ಲವೇ ಅಲ್ಲ. ಡೆಲಿವರಿ ತೆಗೆದುಕೊಳ್ಳದೆ ಅದೇ ದಿನ ಷೇರು ಕೊಂಡು ಮಾರುವ ಇಂಟ್ರಾಡೇ ಕೂಡ ವ್ಯಾಪಾರವೇ, ಆದರೆ ಅದಕ್ಕೆ ‘ಸ್ಪೆಕ್ಯುಲೇಷನ್’ ಎಂಬ ಬೇರೆ ಹಣೆಪಟ್ಟಿ. ಹಾಗಾಗಿ ಸಂಬಳದವನಾದರೂ ನಾನು ತುಂಬಬೇಕಿದ್ದದ್ದು ಐಟಿಆರ್-3. ಐಟಿಆರ್-1ರಲ್ಲಿ ವ್ಯಾಪಾರದ ಲಾಭನಷ್ಟ ಬರೆಯಲು ಜಾಗವೇ ಇಲ್ಲ.

ಇನ್ನು ಟರ್ನೋವರ್. ಗೆಳೆಯ ಹೇಳಿದ ಹತ್ತೂಮುಕ್ಕಾಲು ಕೋಟಿ ಕಾಂಟ್ರಾಕ್ಟ್‌ಗಳ ಬೆಲೆ. ಆಡಿಟ್ ಮಿತಿಗೆ ಅದು ಲೆಕ್ಕಕ್ಕಿಲ್ಲ. ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ ಐಸಿಎಐ ಕೊಟ್ಟಿರುವ ಮಾರ್ಗದರ್ಶಿ ಟಿಪ್ಪಣಿಯಂತೆ, ಪ್ರತಿ ಟ್ರೇಡ್‌ನಲ್ಲಿ ಬಂದ ಲಾಭವನ್ನೂ ಹೋದ ನಷ್ಟವನ್ನೂ ಮೈನಸ್ ಚಿಹ್ನೆ ಬಿಟ್ಟು ಕೂಡಬೇಕು. ನನ್ನ 62ರಲ್ಲಿ ಲಾಭ ಬಂದವುಗಳ ಮೊತ್ತ 2,10,000. ನಷ್ಟದವುಗಳ ಮೊತ್ತ 5,20,000. ಟರ್ನೋವರ್ 7,30,000 ಮಾತ್ರ. ಇಂಟ್ರಾಡೇಗೂ ಇದೇ ರೀತಿ: 18,000 ಬಂದಿತ್ತು, 64,000 ಹೋಗಿತ್ತು, ಅಂದರೆ 82,000. ಆಡಿಟ್ ಮಿತಿ ಸಾಮಾನ್ಯವಾಗಿ ಒಂದು ಕೋಟಿ. ನಗದು ವ್ಯವಹಾರ ಬರುವ ಕಡೆಯೂ ಹೋಗುವ ಕಡೆಯೂ ಶೇ. 5 ದಾಟದಿದ್ದರೆ ಹತ್ತು ಕೋಟಿ. ನಮ್ಮದೆಲ್ಲ ಬ್ಯಾಂಕಿನ ಮೂಲಕವೇ ನಡೆಯುತ್ತದೆ. ನಾನು ಆ ಗೆರೆಯ ಹತ್ತಿರವೂ ಸುಳಿದಿರಲಿಲ್ಲ. ಯಾವುದಕ್ಕೆ ಹೆದರಿ ಮುಚ್ಚಿಟ್ಟೆನೋ ಅದು ಇರಲೇ ಇಲ್ಲ.

ಈಗ ಕಳೆದುಕೊಂಡದ್ದರ ಲೆಕ್ಕ. ಫ್ಯೂಚರ್ಸ್‌ನಲ್ಲಿ ನಿವ್ವಳ 3,10,000 ಹೋಗಿತ್ತು. ಅದರ ಮೇಲೆ ಬ್ರೋಕರೇಜ್, ಎಸ್‌ಟಿಟಿ, ಸ್ಟ್ಯಾಂಪ್ ಶುಲ್ಕ, ಜಿಎಸ್‌ಟಿ ಎಲ್ಲ ಸೇರಿ ಸುಮಾರು 12,000. ವ್ಯಾಪಾರ ಆದ್ದರಿಂದ ಇದೂ ಖರ್ಚು. ಒಟ್ಟು 3,22,000. ಇದನ್ನು ಅದೇ ವರ್ಷ ಸಂಬಳದಲ್ಲಿ ಕಳೆಯುವ ಹಾಗಿಲ್ಲ. ಆದರೆ ಎಫ್‌ಡಿ ಬಡ್ಡಿಯಲ್ಲಿ ಕಳೆಯಬಹುದಿತ್ತು. 38,000 ಅಲ್ಲೇ ಹೊಂದಿಕೆಯಾಗಿ, ಉಳಿದ 2,84,000 ಮುಂದಿನ ಎಂಟು ಅಸೆಸ್‌ಮೆಂಟ್ ವರ್ಷಗಳವರೆಗೆ ವ್ಯಾಪಾರದ ಲಾಭದಲ್ಲಿ ಕಳೆಯಲು ಉಳಿಯುತ್ತಿತ್ತು. ಮರುವರ್ಷ ಬಂದ ಲಾಭ 2,80,000. ಅಷ್ಟೂ ಮುಚ್ಚಿಹೋಗುತ್ತಿತ್ತು, ಒಂದು ರೂಪಾಯಿ ತೆರಿಗೆ ಇಲ್ಲ. ಇಂಟ್ರಾಡೇಯ 46,000 ನಷ್ಟದ ಕಥೆ ಬೇರೆ. ಅದು ನಾಲ್ಕು ವರ್ಷ ಮಾತ್ರ ಬಾಳುತ್ತದೆ, ಇನ್ನೊಂದು ಸ್ಪೆಕ್ಯುಲೇಷನ್ ಲಾಭದಲ್ಲಷ್ಟೇ ಕಳೆಯಬೇಕು. ಫ್ಯೂಚರ್ಸ್ ಲಾಭಕ್ಕೂ ಅದಕ್ಕೂ ನಂಟಿಲ್ಲ.

ಈ ಸೌಲಭ್ಯಕ್ಕೆ ಒಂದೇ ಗಟ್ಟಿ ಷರತ್ತು: ನಷ್ಟ ತೋರಿಸಿದ ರಿಟರ್ನ್ ಕೊನೆಯ ದಿನಾಂಕದೊಳಗೆ ಹೋಗಿರಬೇಕು. ನನಗೆ ಅದು 2023ರ ಜುಲೈ 31. ತಡವಾಗಿ ದಂಡ ಕಟ್ಟಿ ಸಲ್ಲಿಸಿದರೆ ರಿಟರ್ನ್ ಸ್ವೀಕಾರವಾಗುತ್ತದೆ, ಆದರೆ ಈ ನಷ್ಟ ಮುಂದಕ್ಕೆ ಹೋಗುವುದಿಲ್ಲ. ‘ಅಪ್‌ಡೇಟೆಡ್ ರಿಟರ್ನ್ ಅಂತ ಒಂದಿದೆಯಲ್ಲ ಸರ್’ ಎಂದೆ. ‘ಅದು ತೆರಿಗೆ ಜಾಸ್ತಿ ಕಟ್ಟೋಕೆ ಇರೋದು ಕಣ್ರೀ, ಲಾಸ್ ತೋರಿಸೋಕಲ್ಲ’ ಎಂದರು.

ನನ್ನ ಸಂಬಳ ಶೇ. 30ರ ಹಂತದಲ್ಲಿತ್ತು. ಸೆಸ್ ಸೇರಿ 2,80,000ಕ್ಕೆ 87,360. ಮುಂಗಡ ತೆರಿಗೆ ಕಟ್ಟಿರಲಿಲ್ಲವಾದ್ದರಿಂದ ಬಡ್ಡಿ ಬೇರೆ, ಹತ್ತಿರಹತ್ತಿರ 8,000. ಒಟ್ಟು 95 ಸಾವಿರ ಚಿಲ್ಲರೆ. ಎರಡು ವರ್ಷ ಸೇರಿಸಿ ನೋಡಿದರೆ ಫ್ಯೂಚರ್ಸ್‌ನಲ್ಲಿ ನನಗೆ ಲಾಭವೇ ಬಂದಿಲ್ಲ. ಆದರೂ ತೆರಿಗೆ ಕಟ್ಟಿದ್ದೇನೆ.

ಹಣ ಕಟ್ಟಿದ ಮೇಲೂ ಕೆಲಸ ಮುಗಿಯಲಿಲ್ಲ. ಹಿಂದಿನ ಮೂರು ವರ್ಷಗಳಲ್ಲಿ ಯಾವುದಾದರೂ ಒಂದರಲ್ಲಿ ವ್ಯಾಪಾರದ ಆದಾಯ ಎರಡೂವರೆ ಲಕ್ಷ ದಾಟಿದ್ದರೆ, ಅಥವಾ ಟರ್ನೋವರ್ 25 ಲಕ್ಷ ದಾಟಿದ್ದರೆ, ಲೆಕ್ಕಪುಸ್ತಕ ಇಡಲೇಬೇಕು. ಇಡದಿದ್ದರೆ 25,000 ದಂಡ ಬೀಳಬಹುದು. 2,80,000 ಲಾಭ ತೋರಿಸಿದ ನಾನು 2024-25ರಿಂದ ಆ ಪಟ್ಟಿಗೆ ಸೇರಿದೆ. ಲೆಕ್ಕಪುಸ್ತಕ ಎಂದ ಕೂಡಲೇ ಕೆಂಪು ಬಟ್ಟೆಯ ಖಾತೆ ಪುಸ್ತಕ ನೆನಪಿಸಿಕೊಳ್ಳಬೇಡಿ. ಬ್ರೋಕರ್ ಕೊಡುವ ಟ್ಯಾಕ್ಸ್ ಪಿ ಅಂಡ್ ಎಲ್, ಲೆಡ್ಜರ್, ಕಾಂಟ್ರಾಕ್ಟ್ ನೋಟ್‌ಗಳು, ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಖರ್ಚಿನ ಬಿಲ್ಲುಗಳಿಂದ ಒಂದು ಲಾಭನಷ್ಟ ಪಟ್ಟಿ, ಒಂದು ಬ್ಯಾಲೆನ್ಸ್ ಶೀಟ್ ತಯಾರಾಗುತ್ತವೆ. ನಾನು ಎಡವಿದ್ದು ಇಲ್ಲೂ. ಹಳೆಯ ಬ್ರೋಕರ್‌ನ ಖಾತೆ ಮುಚ್ಚಿಬಿಟ್ಟಿದ್ದೆ, ಲಾಗಿನ್ ಆಗುತ್ತಿರಲಿಲ್ಲ. ಮೇಲ್‌ಗೆ ಬಂದಿದ್ದ ಕಾಂಟ್ರಾಕ್ಟ್ ನೋಟ್‌ಗಳನ್ನು ಒಂದೊಂದಾಗಿ ತೆರೆದು ಎರಡು ಭಾನುವಾರ ಎಕ್ಸೆಲ್‌ಗೆ ಇಳಿಸಿದೆ. ಖಾತೆ ಮುಚ್ಚುವ ಮೊದಲು ಲೆಡ್ಜರ್ ಇಳಿಸಿಕೊಂಡುಬಿಡಿ.

ಅಂದಹಾಗೆ, ಆ ಗೆಳೆಯನೂ ಬೇರೆ ರೀತಿಯಲ್ಲಿ ಸಿಕ್ಕಿಬಿದ್ದಿದ್ದಾನೆ. ಲಾಭ ಬಂದ ವರ್ಷ ಸುಲಭ ಅಂತ ಐಟಿಆರ್-4 ತುಂಬಿ, ಅಂದಾಜು ಆದಾಯ ತೋರಿಸಲು ಬಿಡುವ 44ಎಡಿ ಸೆಕ್ಷನ್ ಅಡಿಯಲ್ಲಿ ಟರ್ನೋವರ್‌ನ ಶೇ. 6ನ್ನು ಆದಾಯ ಎಂದು ತೋರಿಸಿದ. ಮರುವರ್ಷ ಲಾಸ್. ಒಮ್ಮೆ ಈ ದಾರಿ ಹಿಡಿದರೆ ಮುಂದಿನ ಐದು ವರ್ಷ ಅದರಲ್ಲೇ ನಡೆಯಬೇಕು. ನಡುವೆ ಬಿಟ್ಟರೆ, ಒಟ್ಟು ಆದಾಯ ತೆರಿಗೆ ವಿನಾಯಿತಿ ಮಿತಿ ದಾಟಿದವರು ಟರ್ನೋವರ್ ಎಷ್ಟೇ ಚಿಕ್ಕದಿದ್ದರೂ ಆಡಿಟ್ ಮಾಡಿಸಬೇಕು. ಸಂಬಳದವನು ಆ ಮಿತಿ ದಾಟದೆ ಇರುತ್ತಾನಾ? ‘ಲಾಸ್ ತೋರಿಸಿದರೆ ಆಡಿಟ್ ಕಡ್ಡಾಯ’ ಎಂಬ ಮಾತು ನಿಜವಾಗುವುದು ಇಂಥವರ ವಿಷಯದಲ್ಲಿ. ನನಗೆ ಆಡಿಟ್ ಭಯ ಹುಟ್ಟಿಸಿದವನು ಕೊನೆಗೆ ತಾನೇ ನನ್ನ ಆಡಿಟರ್ ನಂಬರ್ ಕೇಳಿದ. ಕೊಟ್ಟೆ.