ಫಿಫ್ಟೀನಾ, ಫಿಫ್ಟಿಯಾ? ಒಂದು ಕೆಟ್ಟ ರೆಕಾರ್ಡಿಂಗ್, ಮೂರು ದಾರಿ

48 ನಿಮಿಷದ ಲೆಕ್ಚರ್. ವಿಷಯ ಸವಳು ಮಣ್ಣು ಮತ್ತು ಕ್ಷಾರ ಮಣ್ಣು. ಪಾಠ ಮಾಡಿದವರು ಬಂಗಾಳದ ಕಡೆಯ ಮೇಷ್ಟ್ರು, ವಿಷಯವನ್ನು ಅರೆದು ಕುಡಿದವರು. ಆ ದಿನ ನಾನು ಊರಲ್ಲಿದ್ದೆ. ನಮ್ಮದು ಸಿಂಧನೂರು ಕಡೆ, ಕಾಲುವೆ ನೀರು ನಿಂತು ನಿಂತು ಸವಳಾದ ಗದ್ದೆ ನಮಗೂ ಒಂದಿಷ್ಟಿದೆ, ಹಾಗಾಗಿ ಈ ಒಂದು ಕ್ಲಾಸ್ ತಪ್ಪಿದ್ದಕ್ಕೆ ಉಳಿದವಕ್ಕಿಂತ ಜಾಸ್ತಿ ಹೊಟ್ಟೆ ಉರಿಯಿತು. ಗೆಳೆಯ ರೆಕಾರ್ಡ್ ಮಾಡಿಕೊಂಡಿದ್ದ, ಪುಣ್ಯಾತ್ಮ. ಆದರೆ ಹಿಂದಿನ ಬೆಂಚಿನಲ್ಲಿ, ಫ್ಯಾನಿನ ನೇರ ಕೆಳಗೆ, ಫೋನನ್ನು ಮೈಕ್ ಕೆಳಗಾಗುವಂತೆ ಮಲಗಿಸಿ.

ಇದನ್ನು ನೋಟ್ಸ್ ಮಾಡೋಕೆ ಮೂರು ದಾರಿ ನೋಡಿದೆ. ನಾನೇ ಕೇಳಿ ಬರೆಯುವುದು, ಕಂಪ್ಯೂಟರಿಗೆ ಕೊಟ್ಟು ಬರೆಸುವುದು, ಆ ಉಚ್ಚಾರಣೆ ಗೊತ್ತಿರುವ ಇನ್ನೊಬ್ಬರ ಕಿವಿಗೆ ಕೊಡುವುದು. ಮೂರೂ ಒಂದೇ ಲೆಕ್ಚರ್ ಮೇಲೆ.

ಮೊದಲು ನನ್ನ ಕಿವಿ. ಹೆಡ್‌ಫೋನ್ ಹಾಕಿ, ವಿಎಲ್‌ಸಿಯಲ್ಲಿ ವೇಗ 0.8ಕ್ಕೆ ಇಳಿಸಿ ಕೂತೆ. ಅದಕ್ಕಿಂತ ಕೆಳಗೆ ಇಳಿಸಿದರೆ ಮಾತು ಜಗ್ಗಿ ಜಗ್ಗಿ ಇನ್ನೂ ಅರ್ಥವಾಗುವುದಿಲ್ಲ. ಎರಡು ಸಂಜೆ, ಒಟ್ಟು ಐದು ಗಂಟೆ ಹೋಯಿತು. ಮೊದಲ ಹತ್ತು ನಿಮಿಷ ನರಕ. ಆಮೇಲೆ ಕಿವಿ ಒಗ್ಗಿತು. ಅವರ ಬಾಯಲ್ಲಿ ಝಿಂಕ್ ಅಂದ್ರೆ ಜಿಂಕ್, ವ್ಯಾಲ್ಯೂ ಅಂದ್ರೆ ಭ್ಯಾಲು, ಸೋಡಿಯಂ ಆಗಾಗ ಶೋಡಿಯಂ. ಇಷ್ಟು ಗೊತ್ತಾದ ಮೇಲೆ ನಾನು ಮತ್ತೆ ಮೊದಲಿಂದ ಶುರು ಮಾಡಿದೆ, ಯಾಕಂದ್ರೆ ಆ ಮೊದಲ ಹತ್ತು ನಿಮಿಷದ ನೋಟ್ಸಿನಲ್ಲಿ ಅರ್ಧ ನನ್ನದೇ ಕಲ್ಪನೆ. ಇದನ್ನು ಮಾಡುವವರು ಯಾರೇ ಆದರೂ ಲೆಕ್ಚರನ್ನು ನಡುವಿನಿಂದ ಶುರು ಮಾಡಿ, ಕಿವಿ ಹದಕ್ಕೆ ಬಂದ ಮೇಲೆ ಮೊದಲಿಗೆ ಹೋಗಿ. ನನಗೆ ತಡವಾಗಿ ಹೊಳೆಯಿತು.

ಮಾತು ಹೇಗೋ ಹಿಡಿಯಬಹುದು. ಸಿಕ್ಕಿಹಾಕಿಕೊಂಡಿದ್ದು ಅಂಕಿಗಳಲ್ಲಿ. 23ನೇ ನಿಮಿಷದಲ್ಲಿ ಅವರು ಕ್ಷಾರ ಮಣ್ಣಿನ ಗಡಿ ಹೇಳುತ್ತಾರೆ. ಇಎಸ್‌ಪಿ ಇಷ್ಟಕ್ಕಿಂತ ಮೇಲಿದ್ದರೆ ಕ್ಷಾರ, ಎಸ್‌ಎಆರ್ ಇಷ್ಟಕ್ಕಿಂತ ಮೇಲಿದ್ದರೆ ಕ್ಷಾರ. ಮಣ್ಣಿನ ಕಣಗಳು ಹಿಡಿದಿಟ್ಟ ಸೋಡಿಯಂ ನೂರಕ್ಕೆ ಎಷ್ಟು ಪಾಲು ಅನ್ನೋದು ಇಎಸ್‌ಪಿ. ಮಣ್ಣಿನ ನೀರಿನಲ್ಲಿ ಸೋಡಿಯಂ ಎಷ್ಟು ಮೇಲುಗೈ ಅನ್ನೋದು ಎಸ್‌ಎಆರ್. ನನಗೆ ಕೇಳಿಸಿದ್ದು ಇಎಸ್‌ಪಿ ಫಿಫ್ಟೀನೋ ಫಿಫ್ಟಿಯೋ, ಎಸ್‌ಎಆರ್ ಥರ್ಟೀನೋ ಥರ್ಟಿಯೋ. ಹದಿನೈದು ಸಲ ಕೇಳಿದೆ (ಐವತ್ತು ಸಲ ಅಂತಾನೂ ಓದಿಕೊಳ್ಳಬಹುದು).

ಯಾಕೆ ಕೇಳುವುದಿಲ್ಲ ಅಂತ ಸ್ವಲ್ಪ ಹೇಳಲೇಬೇಕು. ಇಂಗ್ಲಿಷರು ಥರ್ಟೀನ್ ಅನ್ನುವಾಗ ಕೊನೆಗೆ ಒತ್ತು ಕೊಡುತ್ತಾರೆ, ಥರ್ಟಿಯಲ್ಲಿ ಮೊದಲಿಗೆ. ನಮ್ಮ ಕಡೆಯವರು ಯಾರೂ ಇದನ್ನು ಅಷ್ಟು ಬಿಗಿಯಾಗಿ ಪಾಲಿಸುವುದಿಲ್ಲ. ಉಳಿದದ್ದು ಟೀ ಉದ್ದವೋ ಗಿಡ್ಡವೋ ಅನ್ನುವುದು, ಆದರೆ ಬಂಗಾಳಿ ಮಾತಿನಲ್ಲಿ ನಮ್ಮ ಹಾಗೆ ಹ್ರಸ್ವ ದೀರ್ಘದ ಭೇದ ಇಲ್ಲ. ಹಾಗಾಗಿ ಇಡೀ ಭಾರ ಬೀಳುವುದು ಕೊನೆಯ ಒಂದು 'ನ್' ಮೇಲೆ. ಆ 'ನ್' ಮೂಗಿನ ಗುಂಯ್ ಸದ್ದು, ತುಂಬಾ ಕೆಳಗಿನ ಸ್ವರದಲ್ಲಿ, ಸುಮಾರು 250–300 ಹರ್ಟ್ಸ್ ಹತ್ತಿರ ಇರುತ್ತದೆ. ಫ್ಯಾನಿನ ಗುಂಯ್ ಕೂಡ ಕೆಳಗಿನದೇ.

ಇಲ್ಲೇ ನಾನು ಒಂದು ದಡ್ಡತನ ಮಾಡಿದ್ದೆ. ಫ್ಯಾನ್ ಸದ್ದು ತೆಗೀಬೇಕು ಅಂತ 300 ಹರ್ಟ್ಸ್ ಕೆಳಗಿನದೆಲ್ಲ ಕತ್ತರಿಸಿದ್ದೆ. ರೆಕಾರ್ಡಿಂಗ್ ಕೇಳೋಕೆ ಎಷ್ಟು ಹಿತವಾಯಿತು ಅಂದ್ರೆ ನನಗೇ ಹೆಮ್ಮೆ. ಆದರೆ ಆ ಫೈಲಿನಲ್ಲಿ ಎಲ್ಲಾ ಅಂಕಿಗಳೂ ಥರ್ಟಿ, ಫಿಫ್ಟಿ ಆಗಿ ಕೂತಿದ್ದವು! ಫ್ಯಾನ್ ಜತೆ 'ನ್' ಕೂಡ ಹೋಗಿತ್ತು. ಆಡಾಸಿಟಿಯ ನಾಯ್ಸ್ ರಿಡಕ್ಷನ್ ಜೋರಾಗಿ ಹಾಕಿದಾಗ ಇನ್ನೊಂದು ತಮಾಷೆ: ಸ, ಫ, ಥ ಇವು ಗಾಳಿಯ ಸದ್ದೇ ಅಲ್ವಾ, ಅವನ್ನೂ ಅದು ಗಲಾಟೆ ಅಂತ ತಿಳಿದು ನುಂಗಿತು. ಕೊನೆಗೆ ಉಳಿಸಿಕೊಂಡಿದ್ದು ಇಷ್ಟೇ:

```
ffmpeg -i lecture.m4a -af "highpass=f=100,lowpass=f=7000" -ar 16000 -ac 1 saaf.wav
```

100ರ ಕೆಳಗಿನದು ಮಾತ್ರ ಹೋಗುತ್ತದೆ. ಕೇಳೋಕೆ ಹಿತವಿಲ್ಲ, ಫ್ಯಾನ್ ಇದ್ದೇ ಇದೆ, ಆದರೆ 'ನ್' ಉಳಿಯುತ್ತದೆ. ಮೂಲ ಫೈಲನ್ನು ಅಳಿಸಬೇಡಿ. ಅನುಮಾನ ಬಂದ ಕಡೆಯೆಲ್ಲ ನಾನು ಮೂಲಕ್ಕೇ ಹೋಗಿ ಕೇಳಿದೆ.

ಎರಡನೇ ದಾರಿ, ಕಂಪ್ಯೂಟರ್. ವಿಸ್ಪರ್ ಅನ್ನೋ ಪ್ರೋಗ್ರಾಂ ನನ್ನ ಲ್ಯಾಪ್‌ಟಾಪಿನಲ್ಲೇ ಓಡುತ್ತದೆ, ಆಡಿಯೋ ಎಲ್ಲೂ ಹೊರಗೆ ಹೋಗುವುದಿಲ್ಲ.

```
whisper saaf.wav --model medium --language en --word_timestamps True --condition_on_previous_text False
```

ರಾತ್ರಿ ಹಾಕಿ ಮಲಗಿದೆ, ಬೆಳಗ್ಗೆ ಮುಗಿದಿತ್ತು. ನನ್ನ ಐದು ಗಂಟೆಯ ಮುಂದೆ ಇದು ಸೊನ್ನೆ ಶ್ರಮ, ಮತ್ತು ಮಾತಿನ ಓಟ ನಾನು ಬರೆದದ್ದಕ್ಕಿಂತ ಪೂರ್ತಿಯಾಗಿತ್ತು. ಅದನ್ನು ಒಪ್ಪಿಕೊಳ್ಳಬೇಕು. ಆ ಕೊನೆಯ ಆಯ್ಕೆ ಮುಖ್ಯ. ಅದಿಲ್ಲದಿದ್ದರೆ ಒಂದು ತಪ್ಪು ವಾಕ್ಯ ಮುಂದಿನದನ್ನೂ ಎಳೆದುಕೊಂಡು ಹೋಗಿ ಅದನ್ನೇ ಹತ್ತು ಸಲ ಬರೆಯುವುದುಂಟು.

ತೊಂದರೆ ಎಲ್ಲಿ ಅಂದ್ರೆ, ನಾನು ಕೇಳದಿದ್ದರೆ ಖಾಲಿ ಬಿಡುತ್ತೇನೆ, ಇದು ಬಿಡುವುದಿಲ್ಲ. ಗೊತ್ತಿಲ್ಲದ ಪದದ ಜಾಗಕ್ಕೆ ಗೊತ್ತಿರುವ ಪದ ತಂದು ಕೂರಿಸುತ್ತದೆ, ಅದೂ ವ್ಯಾಕರಣ ಸರಿಯಾಗಿ. ಉತ್ತರ ಭಾರತದಲ್ಲಿ ಕ್ಷಾರ ಮಣ್ಣಿಗೆ ಉಸರ್ ಅನ್ನುತ್ತಾರೆ. ಅದು ಉದ್ದಕ್ಕೂ ಯೂಸರ್ ಸಾಯಿಲ್ ಆಗಿತ್ತು. ಎಸ್‌ಎಆರ್ ಬಿಡಿಸಿದರೆ ಸೋಡಿಯಂ ಅಡ್ಸಾರ್ಪ್ಷನ್ ರೇಶಿಯೋ. ಅಡ್ಸಾರ್ಪ್ಷನ್ ಅಂದ್ರೆ ಕಣದ ಮೈಗೆ ಅಂಟುವುದು, ಅಬ್ಸಾರ್ಪ್ಷನ್ ಅಂದ್ರೆ ಒಳಗೆ ಹೀರುವುದು. ವಿಸ್ಪರ್ ಪ್ರತಿ ಸಲ ಅಬ್ಸಾರ್ಪ್ಷನ್ ಅಂತಲೇ ಬರೆಯಿತು. ಮೇಷ್ಟ್ರು ಬೋರ್ಡ್ ಮೇಲೆ ಬರೆಯುತ್ತ ಸುಮ್ಮನಿದ್ದ ಒಂದೂವರೆ ನಿಮಿಷದಲ್ಲಿ ಅವರು ಆಡದ ಎರಡು ವಾಕ್ಯಗಳೂ ಬಂದಿದ್ದವು. ಇನ್ನೂ ಅಪಾಯದ್ದು, ಪಿಎಚ್ 8.5ಕ್ಕಿಂತ ಮೇಲೆ ಅನ್ನುವ ಕಡೆ 'ಮೇಲೆ' ಹಾರಿಹೋಗಿ ಬರೀ 8.5 ಉಳಿದಿತ್ತು. ಓದಿದರೆ ಅನುಮಾನವೇ ಬರುವುದಿಲ್ಲ.

ಪ್ರತಿ ಪದಕ್ಕೂ ಅದು ಎಷ್ಟು ನಂಬಿಕೆ ಅನ್ನುವ ಅಂಕಿಯನ್ನು ಜೇಸನ್ ಫೈಲಿನಲ್ಲಿ ಕೊಡುತ್ತದೆ, `probability` ಅಂತ. ಕಡಿಮೆ ಇದ್ದದ್ದನ್ನೆಲ್ಲ ಗುರುತು ಹಾಕಿದರೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಅಬ್ಸಾರ್ಪ್ಷನ್‌ಗೆ ಇದ್ದ ನಂಬಿಕೆ 0.9ಕ್ಕಿಂತ ಜಾಸ್ತಿ. ಕಡಿಮೆ ಅಂಕಿ ಇದ್ದರೆ ಅನುಮಾನಪಡಿ, ಹೆಚ್ಚು ಇದ್ದರೆ ಸಮಾಧಾನಪಡಬೇಡಿ, ಅಷ್ಟೇ.

`--initial_prompt` ಅಂತ ಇನ್ನೊಂದು ಇದೆ. ವಿಷಯದ ಪದಗಳನ್ನು ಮೊದಲೇ ಕೊಟ್ಟರೆ ಅದು ಆ ಕಡೆ ವಾಲುತ್ತದೆ. ಆದರೆ ನನ್ನ ಆಯ್ಕೆಗಳ ಜತೆ ಅದರ ಪ್ರಭಾವ ಮೊದಲ 30 ಸೆಕೆಂಡಿಗೆ ಮುಗಿಯುತ್ತದೆ, ಹಾಗಾಗಿ ಅನುಮಾನದ ಜಾಗಗಳನ್ನು 30 ಸೆಕೆಂಡಿನ ತುಂಡು ಮಾಡಿ ಬೇರೆಯಾಗಿ ಓಡಿಸಿದೆ. ಉಸರ್ ಸರಿಯಾಯಿತು. ಅಲ್ಲಿ ಪದ ಮಾತ್ರ ಕೊಡಿ, ಅಂಕಿ ಕೊಡಬೇಡಿ. ಪರೀಕ್ಷೆಗೆ ಅಂತ 15 ಬರೆದು ಕೊಟ್ಟೆ, 15 ಅಂದಿತು. 50 ಬರೆದು ಕೊಟ್ಟೆ, 50 ಅಂದಿತು. ಹೇಳಿಕೊಟ್ಟ ಮಾತು ಒಪ್ಪಿಸಿದ ಹಾಗೆ.

ಮೂರನೇ ದಾರಿ ಹಾಸ್ಟೆಲಿನ ಒಬ್ಬ ದಾದಾ, ಕೋಲ್ಕತ್ತಾದವರು. ಮಣ್ಣಿನ ವಿಷಯ ಅವರಿಗೆ ಒಂದಕ್ಷರ ಗೊತ್ತಿಲ್ಲ. ಇಡೀ ಲೆಕ್ಚರ್ ಕೇಳಿಸುವುದು ಅನ್ಯಾಯ, ಅದಕ್ಕೆ 14 ತುಂಡು, ಒಂದೊಂದೂ ಹತ್ತು ಸೆಕೆಂಡಿನದು. ನನಗೆ ಏನು ಕೇಳಿಸಿತು ಅಂತ ಬಾಯಿ ಬಿಡಲಿಲ್ಲ. ಒಮ್ಮೆ "ಇದು ಫಿಫ್ಟೀನ್ ಅಲ್ವಾ" ಅಂದುಬಿಟ್ಟರೆ ಯಾರ ಕಿವಿಗಾದರೂ ಫಿಫ್ಟೀನೇ ಕೇಳಿಸುತ್ತದೆ. ಅರ್ಧ ಗಂಟೆ, ಒಂದು ಚಹಾ, ಎರಡು ಮಿರ್ಚಿ. 14ರಲ್ಲಿ 9 ಥಟ್ಟನೆ ಹೇಳಿದರು. ಪಾರ್ಟಿ ಸಾಯಿಲ್ ಅಂತ ಕಂಪ್ಯೂಟರ್ ಬರೆದಿದ್ದನ್ನು ಭಾರ್ಟಿಸಾಲ್ ಅಂದರು, ಅಂದ್ರೆ ವರ್ಟಿಸಾಲ್, ನಮ್ಮ ಎರೆಮಣ್ಣು. ಎಸ್‌ಎಆರ್ ಥರ್ಟೀನ್, ಖಂಡಿತ ಅಂದರು. ಇಎಸ್‌ಪಿ ಮಾತ್ರ ಅವರಿಗೂ ಹರಿಯಲಿಲ್ಲ.

ಅದನ್ನು ಲೆಕ್ಕದಿಂದ ಬಿಡಿಸಿದೆ. ಎರಡಕ್ಕೂ ನಂಟು ಹೇಳುವ ಹಳೇ ಸೂತ್ರ ಒಂದಿದೆ, ಅಮೆರಿಕದ ಸಲೈನಿಟಿ ಲ್ಯಾಬೊರೇಟರಿ 1954ರಲ್ಲಿ ಪ್ರಕಟಿಸಿದ್ದು:

```
x   = 0.01475 × SAR − 0.0126
ESP = 100 × x / (1 + x)
```

13 ಹಾಕಿದರೆ x 0.179 ಬರುತ್ತದೆ, ಇಎಸ್‌ಪಿ 15.2. 30 ಹಾಕಿದರೆ ಇಎಸ್‌ಪಿ 30ರ ಆಸುಪಾಸು, ಅದು 15ಕ್ಕೂ ಹೊಂದುವುದಿಲ್ಲ, 50ಕ್ಕೂ ಇಲ್ಲ. ಇಎಸ್‌ಪಿ 50 ಬೇಕಾದರೆ ಎಸ್‌ಎಆರ್ 68 ದಾಟಬೇಕು. ಇರುವ ನಾಲ್ಕು ಜೋಡಿಯಲ್ಲಿ 13 ಮತ್ತು 15 ಮಾತ್ರ ಒಟ್ಟಿಗೆ ನಿಲ್ಲುತ್ತವೆ.

ಆದರೂ ನೋಟ್ಸಿನಲ್ಲಿ ಸುಮ್ನೆ 15 ಅಂತ ಬರೆಯಲಿಲ್ಲ. ಕಿವಿಗೆ ಕೇಳಿದ್ದು ಬೇರೆ, ಲೆಕ್ಕದಿಂದ ಬಂದದ್ದು ಬೇರೆ. ಎರಡನ್ನೂ ಒಂದೇ ಪ್ರಶ್ನಾರ್ಥಕ ಚಿಹ್ನೆಯಲ್ಲಿ ಮುಚ್ಚಿದರೆ ಒಂದು ತಿಂಗಳು ಬಿಟ್ಟು ಓದುವಾಗ ಯಾವುದು ಯಾವುದೋ ತಿಳಿಯುವುದಿಲ್ಲ. ನನ್ನ ಗುರುತು ಹೀಗೆ:

```
23:41  ಇಎಸ್‌ಪಿ 15   [ಕಿವಿ: 15/50, ಲೆಕ್ಕ: 15]
23:58  ಎಸ್‌ಎಆರ್ 13  [ಕಿವಿ: 13/30, ದಾದಾ: 13]
31:20  ಜಿಪ್ಸಂ 1.7_ ಟನ್  [ಕೊನೆ ಅಂಕಿ ಕೇಳಿಲ್ಲ, ಲೆಕ್ಕ: 1.72]
```

ಸಮಯ ಬರೆಯದ ಗುರುತು ಯಾವ ಉಪಯೋಗಕ್ಕೂ ಬಾರದು, ಮತ್ತೆ ಕೇಳೋಕೆ ಎಲ್ಲಿಗೆ ಹೋಗ್ತೀರಿ?

ಸಮಯ ಇಲ್ಲದವರಿಗೆ ನನ್ನ ಸಲಹೆ: ಓಟಕ್ಕೆ ಕಂಪ್ಯೂಟರ್ ಇರಲಿ, ಆದರೆ ಅದು ಬರೆದ ಪ್ರತಿ ಅಂಕಿ, ಪ್ರತಿ 'ಮೇಲೆ', 'ಕೆಳಗೆ', 'ಇಲ್ಲ' ಇವನ್ನು ಕಿವಿಯಿಂದ ನೋಡಿ. ನನಗೆ ಅದಕ್ಕೆ ಒಂದೂಕಾಲು ಗಂಟೆ ಹಿಡಿಯಿತು. ಉಚ್ಚಾರಣೆ ಗೊತ್ತಿರುವ ಒಬ್ಬರು ಸಿಕ್ಕರೆ ಪದಗಳಿಗೆ ಅವರಷ್ಟು ಒಳ್ಳೆ ದಾರಿ ಇನ್ನೊಂದಿಲ್ಲ. ಬರೀ ನನ್ನ ಕಿವಿಯ ದಾರಿಯನ್ನು ಇನ್ನೊಮ್ಮೆ ಹಿಡಿಯಲಾರೆ.

ಆ 31:20ರದ್ದು ಹೇಳಿಬಿಡುತ್ತೇನೆ. ನೂರು ಗ್ರಾಂ ಮಣ್ಣಿನಲ್ಲಿ ಒಂದು ಮಿಲಿ ಈಕ್ವಿವೆಲೆಂಟ್ ಸೋಡಿಯಂ ತೆಗೆಯಲು 86 ಮಿಲಿಗ್ರಾಂ ಜಿಪ್ಸಂ ಬೇಕು. ಹೆಕ್ಟೇರಿನ ಮೇಲ್ಮಣ್ಣು 20 ಲಕ್ಷ ಕಿಲೋ ಅಂತ ಹಿಡಿದರೆ 1.72 ಟನ್. 22.4 ಲಕ್ಷ ಕಿಲೋ ಹಿಡಿಯುವವರೂ ಇದ್ದಾರೆ, ಆಗ 1.93. 'ಒನ್ ಪಾಯಿಂಟ್ ಸೆವೆನ್' ಆದ ಮೇಲೆ ಬೆಂಚು ಎಳೆದ ಸದ್ದು, ಅದರ ಕೆಳಗೆ ಒಂದು 'ಟೂ' ಇದೆ ಅಂತ ನನಗೆ ಮುಕ್ಕಾಲು ಪಾಲು ಖಾತ್ರಿ. ಉಳಿದ ಐದು ಗುರುತುಗಳನ್ನು ಸಮಯದ ಸಮೇತ ಚೀಟಿಯಲ್ಲಿ ಬರೆದು ಮೇಷ್ಟ್ರ ಹತ್ತಿರ ಹೋದೆ. ಇದನ್ನು ನೋಡಿ ಅವರು ನಕ್ಕರು. ಎರಡನೇ ಅಂಕಿ ಅವರು ಹೇಳೇ ಇರಲಿಲ್ಲ. ಕ್ಲಾಸಿನಲ್ಲಿ ಯಾವಾಗಲೂ 1.7 ಅಂತಲೇ ಹೇಳುತ್ತಾರಂತೆ. ನನಗೆ ಕೇಳಿಸಿದ 'ಟೂ' ಟನ್ನಿನ ಟ.