ದಿನಾ 30 ಕಿಲೋಮೀಟರ್ ಟ್ರಾಫಿಕ್: ಬೈಕಾ, ಸ್ಕೂಟರಾ?

ನನ್ನ ಓಟು ಸ್ಕೂಟರ್‌ಗೆ. ಮೊದಲು 125 ಸಿಸಿ ಬೈಕ್ ಇತ್ತು, ಈಗ 125 ಸಿಸಿ ಸ್ಕೂಟರ್ ಇದೆ. ದಾರಿ ಅದೇ, ಟ್ರಾಫಿಕ್ ಅದೇ, ಹೋಗುವಾಗ 15 ಕಿ.ಮೀ., ಬರುವಾಗ 15. ಮತ್ತೆ ಬೈಕ್ ಕಡೆ ಮನಸ್ಸು ಹೋಗದಿರಲು ಕಾರಣ ನನ್ನ ಎಡಗೈ.

ಬೈಕ್ ಫಸ್ಟ್ ಗೇರ್‌ನಲ್ಲಿದ್ದು ಕ್ಲಚ್ ಪೂರ್ತಿ ಬಿಟ್ಟಿದ್ದರೆ, ಜೋರು ನಡಿಗೆಗಿಂತ ನಿಧಾನವಾಗಿ ಹೋಗೋಕೆ ಒಪ್ಪುವುದಿಲ್ಲ. ಎಳೆದಾಡುತ್ತದೆ, ಇಲ್ಲವೇ ಆಫ್ ಆಗುತ್ತದೆ. ಮುಂದಿನ ಗಾಡಿ ಅದಕ್ಕಿಂತ ನಿಧಾನವಾಗಿ ಸರಿಯುತ್ತಿದ್ದರೆ ಹಾಫ್ ಕ್ಲಚ್ ಬಿಟ್ಟರೆ ಬೇರೆ ದಾರಿಯಿಲ್ಲ. ಅರ್ಧ ಹಿಡಿ, ಸ್ವಲ್ಪ ಬಿಡು, ಮತ್ತೆ ಹಿಡಿ. ಮನೆ ತಲುಪುವ ಹೊತ್ತಿಗೆ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ನೋವು. ಕೇಬಲ್‌ಗೆ ಎಣ್ಣೆ ಬಿಟ್ಟೆ, ಲಿವರ್ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಸಡಿಲ ಇರುವ ಹಾಗೆ ಅಡ್ಜಸ್ಟ್ ಮಾಡಿಸಿದೆ. ಲಿವರ್ ಹಗುರವಾಯಿತು, ನಿಜ. ಆದರೆ ಎಷ್ಟು ಸಲ ಹಿಡಿಯಬೇಕೋ ಅಷ್ಟು ಸಲ ಹಿಡಿಯಲೇಬೇಕಲ್ವಾ!

ಸ್ಕೂಟರ್‌ನಲ್ಲಿ ಆ ಕೆಲಸ ಕೈಗೆ ಇಲ್ಲ. ಹಾಗಂತ ಕ್ಲಚ್ಚೇ ಇಲ್ಲ ಅಂದುಕೊಳ್ಳಬೇಡಿ. ಹಿಂದಿನ ಚಕ್ರದ ಹತ್ತಿರ, ಎಡಗಡೆ ಕವರ್ ಒಳಗೆ ಒಂದು ಡ್ರಮ್, ಅದರೊಳಗೆ ಕ್ಲಚ್ ಶೂಗಳು ಇವೆ. ಆಕ್ಸಿಲರೇಟರ್ ಕೊಟ್ಟಾಗ ವೇಗಕ್ಕೆ ಶೂಗಳು ಹೊರಗೆ ಅಗಲಿ ಡ್ರಮ್ಮನ್ನು ಹಿಡಿಯುತ್ತವೆ, ಗಾಡಿ ಹೊರಡುತ್ತದೆ. ನನಗೆ ತಲೆನೋವು ಕೊಟ್ಟ ಒಂದೇ ತೊಂದರೆ ಇರೋದು ಇಲ್ಲೇ.

ಕೆಲವು ತಿಂಗಳು ಓಡಿಸಿದ ಮೇಲೆ ಸಿಗ್ನಲ್ ಬಿಟ್ಟು ಹೊರಡುವಾಗ ಗಾಡಿಯೆಲ್ಲ ಗಡಗಡ ನಡುಗಲು ಶುರುವಾಯಿತು. ವೇಗ 20 ದಾಟಿದರೆ ಏನೂ ಇಲ್ಲ. ನಿಂತು ಹೊರಟರೆ ಮತ್ತೆ ಅದೇ ನಡುಕ. ಮೊದಲು ನೋಡಿದ ಮೆಕ್ಯಾನಿಕ್ ಇಂಜಿನ್ ಮೌಂಟಿಂಗ್ ಬುಷ್ ಹೋಗಿದೆ ಎಂದ. ಬುಷ್ ಬದಲಾಯಿಸಿದರೂ ನಡುಕ ಅಲ್ಲೇ ಇತ್ತು. ಇನ್ನೊಬ್ಬರು ಎಡಗಡೆ ಕವರ್ ಬಿಚ್ಚಿ ಶೂ ತೋರಿಸಿದರು. ಉಜ್ಜುವ ಮೈ ಗಾಜಿನ ಹಾಗೆ ಹೊಳೆಯುತ್ತಿತ್ತು, ಡ್ರಮ್ ಒಳಗೆಲ್ಲ ಕಪ್ಪು ಪುಡಿ. ಸಣ್ಣ ಆಕ್ಸಿಲರೇಟರ್ ಕೊಡುತ್ತಾ ತೆವಳಿದಾಗ ಶೂ ಡ್ರಮ್ಮನ್ನು ಪೂರ್ತಿ ಹಿಡಿಯದೆ ಸುಮ್ನೆ ಉಜ್ಜುತ್ತಾ ಇರುತ್ತದೆ. ಬಿಸಿಗೆ ಮೇಲ್ಮೈ ಗಟ್ಟಿಯಾಗಿ ನುಣುಪಾಗುತ್ತದೆ. ಆಮೇಲೆ ಅದು ಹಿಡಿದು ಜಾರಿ, ಹಿಡಿದು ಜಾರಿ ಗಾಡಿಯನ್ನು ನಡುಗಿಸುತ್ತದೆ.

ಅವರು ಪುಡಿಯನ್ನೆಲ್ಲ ಗಾಳಿ ಹೊಡೆದು ತೆಗೆದು, ಶೂ ಮತ್ತು ಡ್ರಮ್ಮಿನ ಒಳಮೈಯನ್ನು ಎಮರಿ ಪೇಪರ್‌ನಲ್ಲಿ ಹೊಳಪು ಹೋಗುವವರೆಗೆ ಉಜ್ಜಿದರು. ನಡುಕ ನಿಂತಿತು. ಶೂ ತೀರಾ ಸವೆದಿದ್ದರೆ, ಅಥವಾ ಡ್ರಮ್ ಕಾದು ನೀಲಿ ಬಣ್ಣಕ್ಕೆ ತಿರುಗಿದ್ದರೆ ಬದಲಾಯಿಸಲೇಬೇಕು. ಎಲ್ಲ ನಡುಕವೂ ಕ್ಲಚ್ಚಿನದಲ್ಲ. ಹೊರಡುವಾಗ ಮಾತ್ರ ಇದ್ದರೆ ಮೊದಲು ಕ್ಲಚ್ ನೋಡಿಸಿ. 40ರಲ್ಲೂ ಇದ್ದರೆ ಟೈರ್, ಚಕ್ರದ ಕಡೆ ನೋಡಿ. ಇಂಜಿನ್ ಸದ್ದು ಏರಿ ವೇಗ ಏರದಿದ್ದರೆ ಬೆಲ್ಟ್ ಅಥವಾ ರೋಲರ್ ಮೇಲೆ ಅನುಮಾನ ಪಡಿ.

ಈಗ ಓಡಿಸುವ ರೀತಿ ಬೇರೆ. ಮುಂದಿನ ಗಾಡಿ ಒಂದು ಗೇಣು ಸರಿದ ತಕ್ಷಣ ನಾನೂ ಸರಿಯುವುದಿಲ್ಲ. ಎರಡು ಗಾಡಿಯಷ್ಟು ಜಾಗ ಬಿಡಲಿ ಎಂದು ಕಾಯುತ್ತೇನೆ, ಆಮೇಲೆ ಒಂದೇ ಸಲ ಸರಿಯಾಗಿ ಆಕ್ಸಿಲರೇಟರ್ ಕೊಟ್ಟು ಹೋಗಿ ಬಿಡುತ್ತೇನೆ. ಏರಿನಲ್ಲಿ ನಿಂತಾಗ ಗಾಡಿಯನ್ನು ಹಿಡಿದಿಡುವುದು ಬ್ರೇಕು, ಆಕ್ಸಿಲರೇಟರ್ ಅಲ್ಲ. ಹಿಂದಿನವರು ಹಾರನ್ ಹೊಡೆದರೆ ಹೊಡೆಯಲಿ. ನಡುಕ ಮತ್ತೆ ತಲೆ ಎತ್ತಿಲ್ಲ.

ಮೈಲೇಜ್‌ನಲ್ಲಿ ಬೈಕೇ ಮುಂದೆ. ತಿಂಗಳಿಗೆ 25 ದಿನ ಅಂದರೆ 750 ಕಿ.ಮೀ. ನನಗೆ ಬೈಕ್ 60 ಕೊಡುತ್ತಿತ್ತು, ಸ್ಕೂಟರ್ 45 ಕೊಡುತ್ತದೆ. ಅಲ್ಲಿಗೆ ತಿಂಗಳಿಗೆ ಸುಮಾರು 4 ಲೀಟರ್ ಪೆಟ್ರೋಲ್ ಜಾಸ್ತಿ. ಟ್ಯಾಂಕೂ ಚಿಕ್ಕದು, ವಾರಕ್ಕೊಮ್ಮೆ ಬಂಕ್ ಮುಂದೆ ನಿಲ್ಲಬೇಕು. ಬೈಕಿನ ಚೈನ್‌ಗೆ ಮಾತ್ರ 500 ಕಿ.ಮೀ.ಗೊಮ್ಮೆ ಎಣ್ಣೆ ಹಾಕಬೇಕಿತ್ತು, ಇಲ್ಲಿ ಆ ಗೋಜಿಲ್ಲ.

ಗುಂಡಿ ರಸ್ತೆಗೆ ಬೈಕಿನ ದೊಡ್ಡ ಚಕ್ರವೇ ಮೇಲು, ಅದರಲ್ಲಿ ಎರಡು ಮಾತಿಲ್ಲ.

ನಿಮ್ಮ 30 ಕಿ.ಮೀ.ನಲ್ಲಿ ಹೆಚ್ಚಿನ ದಾರಿ ಸರಾಗವಾಗಿದ್ದು ಐದಾರು ಸಿಗ್ನಲ್ ಮಾತ್ರ ಇದ್ದರೆ, ಅಥವಾ ತಿಂಗಳಿಗೆ ಆ 4 ಲೀಟರ್ ಭಾರ ಅನಿಸಿದರೆ ಬೈಕ್ ತಗೊಳ್ಳಿ. ನನ್ನ ದಾರಿಯಲ್ಲಿ ಅರ್ಧದಷ್ಟು ತೆವಳುವುದೇ. ಆಫೀಸಿಗೆ ಹೋದ ಮೇಲೆ ದಿನವಿಡೀ ಟೈಪ್ ಮಾಡುವುದೂ ಇದೇ ಕೈಯಲ್ಲಿ. ನನಗೆ ಸ್ಕೂಟರೇ ಸರಿ. ಸೆಕೆಂಡ್ ಹ್ಯಾಂಡ್ ಸ್ಕೂಟರ್ ನೋಡಲು ಹೋದರೆ ಜೋರಾಗಿ ಓಡಿಸಿ ಬಂದರೆ ಸಾಲದು. ನಿಂತಲ್ಲಿಂದ ನಿಧಾನವಾಗಿ ನಾಲ್ಕೈದು ಸಲ ಹೊರಡಿಸಿ ನೋಡಿ. ನಡುಗಿದರೆ ಕವರ್ ಬಿಚ್ಚಿಸಿ ನೋಡಿಯೇ ರೇಟ್ ಮಾತಾಡಿ.