ಮೊಡವೆಯ ಗುಳಿ, ಕಣ್ಣಿನ ಕಪ್ಪು, ಬಂಗು: ಫೋಟೋಶಾಪ್‌ನ ಮೂರು ವಿಧಾನಗಳ ಹೋಲಿಕೆ

ನಿವೃತ್ತರಾಗುತ್ತಿದ್ದ ಶಿಕ್ಷಕಿಯೊಬ್ಬರ ಭಾವಚಿತ್ರವನ್ನು ಬೀಳ್ಕೊಡುಗೆ ಸಮಾರಂಭಕ್ಕಾಗಿ ಸಿದ್ಧಪಡಿಸುವ ಕೆಲಸದಲ್ಲಿ ಮೂರು ವಿಧಾನಗಳನ್ನು ಒಂದೇ ಚಿತ್ರದ ಮೇಲೆ ಪ್ರಯೋಗಿಸಿದೆ. ಕಿಟಕಿಯ ಬೆಳಕು ಒಂದು ಬದಿಯಿಂದ ಬಿದ್ದಿದ್ದ 24 ಮೆಗಾಪಿಕ್ಸೆಲ್ ಚಿತ್ರ ಅದು. ಕೆನ್ನೆಗಳಲ್ಲಿ ಹಳೆಯ ಮೊಡವೆಯ ಗುಳಿಗಳಿದ್ದವು, ಕೆನ್ನೆಯ ಮೂಳೆಯ ಮೇಲೆ ಬಂಗು ಮತ್ತು ಬಿಸಿಲಿನ ಚುಕ್ಕೆಗಳಿದ್ದವು, ಕಣ್ಣುಗಳ ಕೆಳಗೆ ಕಂದುಗಪ್ಪು ಛಾಯೆಯಿತ್ತು. ಮೇಲ್ದುಟಿಯ ಮೇಲಿನ ಮಚ್ಚೆ ಮತ್ತು ನಗುವಾಗ ಬೀಳುವ ಗೆರೆಗಳನ್ನು ಮುಟ್ಟಬಾರದೆಂದು ಮೊದಲೇ ನಿರ್ಧರಿಸಿದ್ದೆ, ಏಕೆಂದರೆ ಅವರ ವಿದ್ಯಾರ್ಥಿಗಳು ಅವರನ್ನು ಗುರುತಿಸುವುದು ಅವುಗಳಿಂದಲೇ.

ಮೊದಲನೆಯದು Neural Filters ಪಟ್ಟಿಯಲ್ಲಿರುವ Skin Smoothing. ಇದು ಕ್ಷಣಾರ್ಧದಲ್ಲಿ ಮುಗಿಯುತ್ತದೆ, ಆದರೆ ಆಯ್ಕೆ ಮಾಡುವ ಶಕ್ತಿ ಇದಕ್ಕಿಲ್ಲ. ಗುಳಿಗಳು ಮಾಸುವಷ್ಟು ಏರಿಸಿದಾಗ ಚರ್ಮದ ರಂಧ್ರಗಳೂ ನಗುವಿನ ಗೆರೆಗಳೂ ಅವುಗಳೊಂದಿಗೆ ಮಾಸಿದವು. ಇಳಿಸಿದಾಗ ಗುಳಿಗಳು ಹಾಗೆಯೇ ಉಳಿದವು. ಇಂಥ ಚಿತ್ರಕ್ಕೆ ಇದನ್ನು ನಾನು ಬಳಸುವುದಿಲ್ಲ.

ಎರಡನೆಯದು ಫ್ರೀಕ್ವೆನ್ಸಿ ಸೆಪರೇಶನ್. ಚಿತ್ರದ ಎರಡು ಪ್ರತಿ ಮಾಡಿ, ಕೆಳಗಿನದಕ್ಕೆ Gaussian Blur ಕೊಟ್ಟು, ಮೇಲಿನದರಲ್ಲಿ ಸೂಕ್ಷ್ಮ ವಿವರಗಳನ್ನು ಮಾತ್ರ ಉಳಿಸಿ Linear Light ಕ್ರಮದಲ್ಲಿ ಕೂಡಿಸುವ ವಿಧಾನವಿದು. ಎಂಟು ಬಿಟ್ ಚಿತ್ರವಾದರೆ Apply Image ಕಿಟಕಿಯಲ್ಲಿ Subtract ಆರಿಸಿ, Scale 2, Offset 128 ಎಂದು ಕೊಡಬೇಕು. ಬಂಗಿಗೆ ಈ ವಿಧಾನ ಚೆನ್ನಾಗಿ ಒದಗಿತು: ಬಂಗು ಬಣ್ಣದ ವ್ಯತ್ಯಾಸವೇ ಹೊರತು ಮೇಲ್ಮೈಯ ಏರುಪೇರಲ್ಲವಾದ್ದರಿಂದ, ಕೆಳಪದರದಲ್ಲಿ ಬಣ್ಣವನ್ನು ಸಮಮಾಡಿದರೂ ಮೇಲಿನ ಪದರದ ರಂಧ್ರಗಳು ಅಲುಗುವುದಿಲ್ಲ. ಮೊಡವೆಯ ಗುಳಿಗಳಲ್ಲಿ ಮಾತ್ರ ಇದು ಸೋಲುತ್ತದೆ. ಅಗಲವಾದ ಗುಳಿಯ ನೆರಳು ಬ್ಲರ್‌ನ ವ್ಯಾಪ್ತಿಗಿಂತ ದೊಡ್ಡದಾಗಿದ್ದು ಕೆಳಪದರದಲ್ಲೇ ಉಳಿಯುತ್ತದೆ. ಕೆನ್ನೆಗೆ ದುಂಡುತನ ಕೊಡುವ ಬೆಳಕು-ನೆರಳೂ ಅದೇ ಪದರದಲ್ಲಿರುತ್ತದೆ. ಒಂದನ್ನು ಸವರಲು ಹೋದರೆ ಇನ್ನೊಂದೂ ಸವೆದು ಕೆನ್ನೆ ಚಪ್ಪಟೆಯಾಗುತ್ತದೆ. ಚರ್ಮದಲ್ಲಿ ರಂಧ್ರಗಳು ಸ್ಪಷ್ಟವಾಗಿ ಕಾಣುವುದರಿಂದ ಕೆಲಸ ಸರಿಯಾಗಿದೆ ಎನಿಸುತ್ತದೆ, ಆದರೆ ಚಿತ್ರವನ್ನು ಚಿಕ್ಕದಾಗಿಸಿ ನೋಡಿದಾಗ ಮುಖದ ಆಕಾರ ಬೇರೆಯವರದಂತೆ ಕಾಣುತ್ತದೆ. ಕಣ್ಣಿನ ಬಳಿ ಇನ್ನೊಂದು ತೊಂದರೆಯೂ ಇದೆ: ಕಾಡಿಗೆಯ ಕಪ್ಪು ಬ್ಲರ್‌ನೊಂದಿಗೆ ಕೆಳಗೆ ಹರಡಿ, ಕಳೆಯಬೇಕಾದ ಛಾಯೆಯನ್ನೇ ಹೆಚ್ಚಿಸುತ್ತದೆ.

ಮೂರನೆಯದು ನಿಧಾನದ ಕೈಕೆಲಸ, ನನ್ನ ಆಯ್ಕೆಯೂ ಇದೇ. ಖಾಲಿ ಪದರವೊಂದನ್ನು ತೆರೆದು, Healing Brush ನಲ್ಲಿ Sample ಅನ್ನು Current & Below ಎಂದಿಟ್ಟು, ಬಿಡಿಬಿಡಿಯಾದ ಬಿಸಿಲಿನ ಚುಕ್ಕೆಗಳನ್ನು ಒಂದೊಂದಾಗಿ ತೆಗೆದೆ. ಕುಂಚ ಚುಕ್ಕೆಗಿಂತ ತುಸುವೇ ದೊಡ್ಡದಿರಬೇಕು, ಮಾದರಿ ಚರ್ಮವನ್ನು ಪಕ್ಕದಿಂದಲೇ ಆರಿಸಬೇಕು. ಹಣೆಯ ಚರ್ಮವನ್ನು ಕೆನ್ನೆಗೆ ತಂದರೆ ರಂಧ್ರಗಳ ಗಾತ್ರ ಹೊಂದುವುದಿಲ್ಲ.

ಗುಳಿಗಳಿಗೆ ಈ ಕುಂಚವನ್ನು ಬಳಸಲಿಲ್ಲ. ಗುಳಿ ಕಣ್ಣಿಗೆ ಬೀಳುವುದು ಅದರ ಒಂದು ಅಂಚು ನೆರಳಾಗಿ, ಎದುರಿನ ಅಂಚು ಹೊಳಪಾಗಿ ಇರುವುದರಿಂದ. ಆದ್ದರಿಂದ ಎರಡು Curves ಪದರಗಳನ್ನು, ಒಂದನ್ನು ತಿಳಿಯಾಗಿಸಲು ಮತ್ತೊಂದನ್ನು ಗಾಢವಾಗಿಸಲು, ಪರಿಣಾಮವನ್ನು ಮರೆಮಾಡುವ ಕಪ್ಪು ಮಾಸ್ಕ್‌ನೊಂದಿಗೆ ಸಿದ್ಧಪಡಿಸಿ, Flow ಅನ್ನು ಶೇಕಡಾ 2ರಿಂದ 3ರಷ್ಟಿಟ್ಟ ಬಿಳಿ ಕುಂಚದಿಂದ ನೆರಳಿನ ಅಂಚನ್ನು ಮೆಲ್ಲನೆ ಎತ್ತಿ, ಹೊಳಪಿನ ಅಂಚನ್ನು ಮೆಲ್ಲನೆ ತಗ್ಗಿಸಿದೆ. ಎಲ್ಲಕ್ಕಿಂತ ಮೇಲೆ ತಾತ್ಕಾಲಿಕವಾಗಿ Black & White ಪದರವೊಂದನ್ನು ಇಟ್ಟರೆ ಬಣ್ಣದ ಗೊಂದಲವಿಲ್ಲದೆ ಏರುಪೇರುಗಳಷ್ಟೇ ಕಾಣುತ್ತವೆ. ಆಳವಾದ ಕೆಲವು ಗುಳಿಗಳನ್ನು ಪೂರ್ತಿ ಮುಚ್ಚದೆ ಅರ್ಧಕ್ಕೆ ಬಿಟ್ಟೆ. ಈ ಹಂತವೊಂದೇ ಉಳಿದೆಲ್ಲ ಕೆಲಸಕ್ಕಿಂತ ಹೆಚ್ಚು ಸಮಯ ಬೇಡುತ್ತದೆಯಾದ್ದರಿಂದ ಮದುವೆ ಆಲ್ಬಂನ ನೂರಾರು ಚಿತ್ರಗಳಿಗೆ ಇದು ಸಾಧ್ಯವಿಲ್ಲ.

ಕಣ್ಣಿನ ಕೆಳಗಿನ ಕಪ್ಪಿಗೆ Clone Stamp ಅನ್ನು, Opacity ಶೇಕಡಾ 15ರಿಂದ 20ರಷ್ಟಿಟ್ಟು, Lighten ಕ್ರಮದಲ್ಲಿಟ್ಟ ಪ್ರತ್ಯೇಕ ಪದರದಲ್ಲಿ ಬಳಸಿದೆ. ಮಾದರಿಯನ್ನು ಛಾಯೆಯ ಕೆಳಗಿನ ಕೆನ್ನೆಯಿಂದ ತೆಗೆದುಕೊಂಡೆ. ಇಲ್ಲಿ ಚರ್ಮದ ಬಣ್ಣದ ಜೊತೆಗೆ ಕಣ್ಣುಗುಳಿಯ ಸಹಜ ನೆರಳೂ ಸೇರಿರುತ್ತದೆ. ಎರಡನ್ನೂ ಅಳಿಸಿದರೆ ಕಣ್ಣು ಮುಖದ ಮೇಲೆ ಅಂಟಿಸಿದಂತೆ ಕಾಣುತ್ತದೆ. ಹೀಗಾಗಿ ಕೆಲಸ ಮುಗಿದ ಮೇಲೆ ಆ ಪದರದ ಒಟ್ಟು Opacity ಅನ್ನು ಇಳಿಸುತ್ತ ಬಂದೆ. ಶೇಕಡಾ 55ರ ಹೊತ್ತಿಗೆ ದಣಿವಿನ ಛಾಯೆ ಹೋಗಿ, ಕೆಳರೆಪ್ಪೆಯ ಮಡಿಕೆ ಮತ್ತೆ ಕಾಣಿಸಿಕೊಂಡಿತು. ಅಲ್ಲಿಗೇ ನಿಲ್ಲಿಸಿ ಮುದ್ರಣಕ್ಕೆ ಕಳುಹಿಸಿದೆ.